‘ಎನ್ನಲಾಗಿದೆ’ ಎಂಬ ತೀರ್ಪು

ಸಾಹಿತ್ಯ ಸಮ್ಮೇಳನದ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಿ ಎಂದು ಸಂಘದ ಮಿತ್ರರು ಕೇಳಿದಾಗ, ವಕೀಲನಾದ ನಾನು ಯಕ್ಷಗಾನದ ಬಗೆಗೋ ಗಡಿನಾಡಿನ ಕವಿಗಳ ಬಗೆಗೋ ಬರೆಯುವೆನೆಂದು ಅವರು ನಿರೀಕ್ಷಿಸಿದ್ದಿರಬಹುದು. ನಾನು ಬರೆಯಹೊರಟಿರುವುದು ನಮ್ಮ ಭಾಷೆಯ ಒಂದು ಕ್ರಿಯಾಪದದ ಮೇಲೆ. ಅದು ‘ಎನ್ನಲಾಗಿದೆ’ ಎಂಬುದು. ಪತ್ರಿಕೆ ಓದುವ ಯಾವ ಕನ್ನಡಿಗನಿಗೂ ಇದು ಅಪರಿಚಿತವಲ್ಲ. ‘ಆರೋಪಿಯು ತಪ್ಪೊಪ್ಪಿಕೊಂಡಿದ್ದಾನೆ ಎನ್ನಲಾಗಿದೆ’. ‘ಹಲವು ಸ್ಫೋಟಕ ವಿಷಯಗಳನ್ನು ಬಾಯ್ಬಿಟ್ಟಿದ್ದಾನೆ ಎನ್ನಲಾಗಿದೆ’. ಅಂದವರು ಯಾರು? ಯಾವ ಹೊತ್ತಿನಲ್ಲಿ, ಯಾರ ಎದುರು ಅಂದರು? ಕರ್ತೃವೇ ಇಲ್ಲದ ಈ ಕ್ರಿಯಾಪದ ಯಾವ ಪ್ರಶ್ನೆಗೂ ಉತ್ತರಿಸುವುದಿಲ್ಲ. ಆದರೆ ಓದುಗನ ಮನಸ್ಸಿನಲ್ಲಿ ಅದು ತೀರ್ಪನ್ನು ಬರೆದು ಮುಗಿಸಿರುತ್ತದೆ.

ನಮ್ಮ ಆಡುಮಾತು ಇದಕ್ಕಿಂತ ಪ್ರಾಮಾಣಿಕವಾದುದು. ಮನೆಯ ಜಗಲಿಯಲ್ಲಿ ಕುಳಿತ ಅಜ್ಜಿ ‘ಅವ ಕದ್ದನಂತೆ’ ಎನ್ನುತ್ತಾಳೆ. ಆ ‘ಅಂತೆ’ಯಲ್ಲಿ, ಇದು ನಾನು ಕಂಡದ್ದಲ್ಲ, ಕೇಳಿದ್ದು ಎಂಬ ಒಪ್ಪಿಗೆಯಿದೆ. ‘ಯಾರಜ್ಜೀ ಹೇಳಿದ್ದು?’ ಎಂದು ಕೇಳಿದರೆ ಆಕೆ ಹೆಸರು ಹೇಳಬಲ್ಲಳು. ಅಚ್ಚಿನ ಕನ್ನಡ ಈ ಪುಟ್ಟ ಸಂಶಯವನ್ನು ಶೀರ್ಷಿಕೆಯಿಂದ ಕಿತ್ತು ಹಾಕಿ, ಹದಿನೈದನೆಯ ಸಾಲಿನ ಕೊನೆಯಲ್ಲಿ ‘ಎನ್ನಲಾಗಿದೆ’ ಎಂದು ಅಂಟಿಸುತ್ತದೆ. ಇನ್ನೊಂದು ವಿಷಯವನ್ನೂ ಗಮನಿಸಿ. ನಿನ್ನೆಯವರೆಗೆ ಅಧಿಕಾರಿಯಾಗಿದ್ದವರು, ಉಪನ್ಯಾಸಕರಾಗಿದ್ದವರು ಪತ್ರಿಕೆಯಲ್ಲಿ ‘ಅವರು’, ‘ಹೇಳಿದರು’, ‘ಬಂದರು’. ಪೊಲೀಸರು ಕೈ ಹಿಡಿದ ಮರುದಿನ ಅದೇ ವ್ಯಕ್ತಿ ‘ಈತ’, ‘ಹೇಳಿದ್ದಾನೆ’, ‘ಬಂದಿದ್ದ’. ಬಹುವಚನವನ್ನು ಕಸಿದುಕೊಳ್ಳುವ ಅಧಿಕಾರವನ್ನು ಯಾವ ನ್ಯಾಯಾಲಯವೂ ಕೊಟ್ಟಿಲ್ಲ. ಆದರೂ ನಮ್ಮ ದೇಶದಲ್ಲಿ ಆರೋಪಿಗೆ ಬೀಳುವ ಮೊದಲನೆಯ ಶಿಕ್ಷೆ ವ್ಯಾಕರಣದ್ದು.

ಇದನ್ನು ಪರರ ಮೇಲಿನ ದೂರಾಗಿ ಬರೆಯುತ್ತಿಲ್ಲ. 1994ರ ಚಳಿಗಾಲದಲ್ಲಿ ನಾನು ಕಾಸರಗೋಡಿನಲ್ಲಿ ಕಿರಿಯ ವಕೀಲನಾಗಿದ್ದೆ. ಬೆಳಗ್ಗೆ ಮಲಯಾಳ ಪತ್ರಿಕೆ, ಮಧ್ಯಾಹ್ನದ ಹೊತ್ತಿಗೆ ಮಂಗಳೂರಿನಿಂದ ಬರುವ ಕನ್ನಡ ಪತ್ರಿಕೆ, ಹೀಗೆ ಎರಡು ಭಾಷೆಗಳಲ್ಲಿ ಲೋಕವನ್ನು ಓದುವುದು ನಮ್ಮ ಊರಿನವರ ಭಾಗ್ಯ. ಆ ವರ್ಷ ಅದು ದೌರ್ಭಾಗ್ಯವಾಯಿತು. ಒಂದೇ ಸುಳ್ಳನ್ನು ನಾವು ದಿನಕ್ಕೆರಡು ಸಲ ಓದಿದೆವು. ಎರಡು ಕಡೆ ಬಂದಿದೆಯಲ್ಲ, ಆದ್ದರಿಂದ ನಿಜವೇ ಇರಬೇಕು ಎಂದು ತೀರ್ಮಾನಿಸಿದೆವು. ಎರಡರ ಮೂಲವೂ ಒಂದೇ ಪೊಲೀಸ್ ಕೊಠಡಿ ಎಂಬುದು ಹೊಳೆಯಲಿಲ್ಲ.

ತಿರುವನಂತಪುರದ ಇಸ್ರೋ ಬೇಹುಗಾರಿಕೆ ಪ್ರಕರಣವನ್ನು ಕಿರಿಯರು ಸಿನಿಮಾದಿಂದ ಬಲ್ಲರು. ನಡೆದ ಕ್ರಮವನ್ನು ಇಲ್ಲಿ ಹೇಳಬೇಕು, ಏಕೆಂದರೆ ಆ ಕ್ರಮದಲ್ಲಿಯೇ ಪಾಠವಿದೆ. 1994ರ ಅಕ್ಟೋಬರ್ 20ರಂದು ಮಾಲ್ಡೀವ್ಸ್ ದೇಶದ ಮಹಿಳೆಯೊಬ್ಬರನ್ನು ಪೊಲೀಸರು ಬಂಧಿಸಿದರು. ಅವರ ಮೇಲಿದ್ದ ಆರೋಪ ವೀಸಾ ಅವಧಿ ಮೀರಿ ಉಳಿದರೆಂಬುದು, ಅಷ್ಟೇ. ಪ್ಲೇಗಿನ ಭಯದಿಂದ ವಿಮಾನ ನಿಂತುಹೋದ ಕಾರಣ ಮರಳಲಾಗಲಿಲ್ಲ ಎಂಬುದು ಅವರ ವಿವರಣೆಯಾಗಿತ್ತು. ವಿದೇಶೀಯರ ಕಾಯಿದೆಯಡಿ ಅದು ಸಣ್ಣ ಪ್ರಕರಣ. ಮೂರೂವರೆ ವಾರಗಳಲ್ಲಿ, ನವೆಂಬರ್ 13ರಂದು, ಅಧಿಕೃತ ರಹಸ್ಯ ಕಾಯಿದೆಯಡಿ ಎರಡನೆಯ ಪ್ರಕರಣ ದಾಖಲಾಯಿತು. ಮಾಲ್ಡೀವ್ಸ್‌ನ ಇನ್ನೊಬ್ಬ ಮಹಿಳೆ ಆರೋಪಿಯಾದರು. ನವೆಂಬರ್ 21ರಂದು ಇಸ್ರೋದ ವಿಜ್ಞಾನಿ ಡಿ. ಶಶಿಕುಮಾರನ್, 30ರಂದು ಕ್ರಯೋಜೆನಿಕ್ ಎಂಜಿನ್ ಯೋಜನೆಯ ಹೊಣೆ ಹೊತ್ತಿದ್ದ ಎಸ್. ನಂಬಿ ನಾರಾಯಣನ್ ಬಂಧಿತರಾದರು. ರಷ್ಯದ ಗ್ಲಾವ್‌ಕೋಸ್ಮೋಸ್ ಸಂಸ್ಥೆಯ ಭಾರತದ ಪ್ರತಿನಿಧಿಯಾಗಿ ಬೆಂಗಳೂರಿನಲ್ಲಿದ್ದ ಕೆ. ಚಂದ್ರಶೇಖರ್ ಮತ್ತು ಬೆಂಗಳೂರಿನದೇ ಒಬ್ಬ ಗುತ್ತಿಗೆದಾರರೂ ಸೆರೆಯಾದರು. ಒಟ್ಟು ಆರು ಮಂದಿ.

ಕಥೆ ಹೀಗಿತ್ತು: ಕ್ರಯೋಜೆನಿಕ್ ರಾಕೆಟ್ ಎಂಜಿನ್ನಿನ ರಹಸ್ಯ ನಕ್ಷೆಗಳನ್ನು ಹೆಣ್ಣು ಹೊನ್ನುಗಳ ಆಮಿಷಕ್ಕೆ ಬಲಿಯಾದ ವಿಜ್ಞಾನಿಗಳು ಪಾಕಿಸ್ತಾನಕ್ಕೆ ಮಾರಿದರು. ಪತ್ರಿಕೆಗಳು ಈ ಕಥೆಯನ್ನು ವಾರಗಟ್ಟಲೆ ಧಾರಾವಾಹಿಯಾಗಿ ಅಚ್ಚುಹಾಕಿದವು. ಮಾಲ್ಡೀವ್ಸ್‌ನ ಆ ಇಬ್ಬರು ಮಹಿಳೆಯರ ಉಡುಗೆ, ನಗು, ನಡಿಗೆ, ತಂಗಿದ ಕೋಣೆ ಎಲ್ಲವೂ ಸಾಕ್ಷ್ಯವಾಯಿತು. ಅವರ ಹೆಸರುಗಳನ್ನು ನಾನಿಲ್ಲಿ ಬರೆಯುವುದಿಲ್ಲ. ಆ ಹೆಸರುಗಳನ್ನು ಕೇರಳದ ಅಚ್ಚುಮೊಳೆಗಳು ಸಾಕಷ್ಟು ಸವೆಸಿವೆ.

ಈಗ ಒಂದು ಸರಳವಾದ ಪ್ರಶ್ನೆ. ಮಾರಿದ್ದೇನು? ಕ್ರಯೋಜೆನಿಕ್ ಎಂಜಿನ್ ಎಂದರೆ ಸೊನ್ನೆಗಿಂತ 253 ಡಿಗ್ರಿ ಕೆಳಗೆ ದ್ರವವಾಗುವ ಜಲಜನಕವನ್ನೂ 183 ಡಿಗ್ರಿ ಕೆಳಗೆ ದ್ರವವಾಗುವ ಆಮ್ಲಜನಕವನ್ನೂ ಉರಿಸಿ ಓಡುವ ಯಂತ್ರ. 1991ರಲ್ಲಿ ಈ ತಂತ್ರಜ್ಞಾನವನ್ನು ಪಡೆಯಲು ರಷ್ಯದವರೊಡನೆ ಭಾರತ ಒಪ್ಪಂದ ಮಾಡಿಕೊಂಡಿತು. ಅಮೆರಿಕ ಅಡ್ಡಿಪಡಿಸಿತು. 1993ರಲ್ಲಿ ಒಪ್ಪಂದವನ್ನು ತಿದ್ದಿ, ತಂತ್ರಜ್ಞಾನವನ್ನು ಕೈಬಿಟ್ಟು ಸಿದ್ಧ ಎಂಜಿನ್‌ಗಳನ್ನು ಮಾತ್ರ ಮಾರುವುದೆಂದಾಯಿತು. ಭಾರತದಲ್ಲಿಯೇ ತಯಾರಾದ ಕ್ರಯೋಜೆನಿಕ್ ಎಂಜಿನ್ ಹೊತ್ತ ರಾಕೆಟ್ ಯಶಸ್ವಿಯಾಗಿ ಮೇಲೇರಿದ್ದು 2014ರ ಜನವರಿ 5ರಂದು. ಎಂದರೆ 1994ರಲ್ಲಿ ನಮ್ಮ ಕಣಜದಲ್ಲಿ ಇಲ್ಲದಿದ್ದ ಭತ್ತವನ್ನು ಕದ್ದು ಮಾರಿದರೆಂದು ಇಡೀ ರಾಜ್ಯ ನಂಬಿತು. ರಷ್ಯದೊಡನೆ ಒಪ್ಪಂದ ಬದಲಾದ ಸುದ್ದಿ ಅದೇ ಪತ್ರಿಕೆಗಳಲ್ಲಿ ಹಿಂದಿನ ವರ್ಷವಷ್ಟೇ ಬಂದಿತ್ತು. ತನ್ನದೇ ಕಚೇರಿಯ ಹಳೆಯ ಸಂಚಿಕೆಯನ್ನು ತೆರೆದು ನೋಡಿದ್ದರೆ ಸಾಕಿತ್ತು. ನಮ್ಮ ಮನೆಯ ಅಟ್ಟದ ಮೇಲೆಯೂ ಆ ಸಂಚಿಕೆಗಳಿದ್ದವು. ನಾನೂ ತೆರೆದು ನೋಡಲಿಲ್ಲ.

ಬದಲಿಗೆ ನಾನು ಕಚೇರಿಗೆ ಹೋಗಿ, ಅದರಲ್ಲಿ ಬಂದುದನ್ನೆಲ್ಲ ಉತ್ಸಾಹದಿಂದ ವರ್ಣಿಸಿದೆ. ವಿಜ್ಞಾನಿ ಎಲ್ಲವನ್ನೂ ಒಪ್ಪಿಕೊಂಡಿದ್ದಾನಂತೆ ಎಂದೆ. ನನ್ನ ಹಿರಿಯ ವಕೀಲರು ಕಡತದಿಂದ ತಲೆಯೆತ್ತದೆ, “ಯಾರಿಗೆ ಹೇಳಿದ್ದು ಮಾರಾಯ?” ಎಂದು ಕೇಳಿದರು. ಪೊಲೀಸರಿಗೆ ಎಂದೆ. “ಹಾಗಾದರೆ ನೀನು ಪರೀಕ್ಷೆಯಲ್ಲಿ ಪಾಸಾದದ್ದು ಹೇಗೆ?” ಎಂದರು. ಅಷ್ಟೇ. ಆ ಮಾತಿನ ಚುಚ್ಚು ಇವತ್ತಿಗೂ ಮಾಸಿಲ್ಲ.

ಅವರು ನೆನಪಿಸಿದ್ದು ಸಾಕ್ಷ್ಯ ಕಾಯಿದೆಯ 25ನೆಯ ವಿಧಿಯನ್ನು. ಹೊಸ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಅದು 23ನೆಯದಾಗಿ ಮುಂದುವರಿದಿದೆ. ಪೊಲೀಸ್ ಅಧಿಕಾರಿಯ ಎದುರು ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ರುಜುವಾತುಪಡಿಸುವಂತಿಲ್ಲ, ಇದು ಅದರ ಸಾರ. ಈ ನಿಯಮವನ್ನು ಮಾಡಿದವರು ಗಾಂಧೀವಾದಿಗಳಲ್ಲ, ಮಾನವ ಹಕ್ಕುಗಳ ಹೋರಾಟಗಾರರೂ ಅಲ್ಲ. 1872ರ ಬ್ರಿಟಿಷ್ ಆಡಳಿತಗಾರರು. ತಮ್ಮದೇ ಪೊಲೀಸರು ಠಾಣೆಯ ಒಳಗೆ ಹೇಗೆ ತಪ್ಪೊಪ್ಪಿಗೆ ಪಡೆಯುತ್ತಾರೆಂಬುದು ಅವರಿಗೆ ಗೊತ್ತಿತ್ತು. ಆದ್ದರಿಂದ ಠಾಣೆಯಲ್ಲಿ ಹೇಳಿದ ಮಾತು ನ್ಯಾಯಾಲಯದ ಹೊಸ್ತಿಲು ದಾಟದಂತೆ ಬಾಗಿಲು ಹಾಕಿದರು. ಹೇಳಿಕೆಯ ಆಧಾರದಿಂದ ವಸ್ತುವೊಂದು ಪತ್ತೆಯಾದರೆ, ಆ ಪತ್ತೆಗೆ ಸಂಬಂಧಿಸಿದಷ್ಟು ಭಾಗಕ್ಕೆ ಮಾತ್ರ ಸಣ್ಣ ಕಿಂಡಿಯನ್ನು ಬಿಟ್ಟರು. ಉಳಿದಂತೆ, ಸ್ವಇಚ್ಛೆಯಿಂದ ಒಪ್ಪಿಕೊಳ್ಳುವವರು ಮ್ಯಾಜಿಸ್ಟ್ರೇಟರ ಮುಂದೆ ಒಪ್ಪಿಕೊಳ್ಳಬಹುದು. ಹೇಳಿಕೆ ಕೊಡಲೇಬೇಕೆಂಬ ಕಟ್ಟುಪಾಡಿಲ್ಲ, ಕೊಟ್ಟರೆ ಅದು ನಿನ್ನ ವಿರುದ್ಧ ಬಳಕೆಯಾದೀತು ಎಂದು ಅವರು ಮೊದಲು ಎಚ್ಚರಿಸಲೇಬೇಕು.

ಮಾಧ್ಯಮದ ವಿಚಾರಣೆ ಎಂದು ನಾವು ಕರೆಯುವುದು, ಸೋಸಿ ನೋಡಿದರೆ, ಬಹುಪಾಲು ಇಷ್ಟೇ: ನ್ಯಾಯಾಲಯದ ಬಾಗಿಲಲ್ಲಿ ತಡೆಯಲಾದ ಸರಕನ್ನು ಹಿತ್ತಲ ಬಾಗಿಲಿನಿಂದ ಊರಿಗೆಲ್ಲ ಹಂಚುವುದು. ನ್ಯಾಯಾಧೀಶರು ಕೇಳಬಾರದೆಂದು ಕಾನೂನು ನಿಷೇಧಿಸಿದ ಮಾತನ್ನೇ ಲಕ್ಷಾಂತರ ಜನ ಚಹಾ ಕುಡಿಯುತ್ತಾ ಓದುತ್ತಾರೆ. ಆ ಮಾತನ್ನು ಕೊಡುವವರು ಪೊಲೀಸರು. ಅವರಿಗೆ ಅದರಿಂದ ನ್ಯಾಯಾಲಯದಲ್ಲಿ ಉಪಯೋಗವಿಲ್ಲ, ಆದ್ದರಿಂದ ಊರಿನಲ್ಲಿ ಉಪಯೋಗಿಸುತ್ತಾರೆ. ಪತ್ರಕರ್ತರಿಗೆ ಅದು ಪುಕ್ಕಟೆ. ಇಬ್ಬರಿಗೂ ಲಾಭವಿರುವ ಈ ವ್ಯಾಪಾರದಲ್ಲಿ ಬೆಲೆ ತೆರುವವನು ಕೊಠಡಿಯೊಳಗೆ ಕುಳಿತಿರುತ್ತಾನೆ. ಅವನ ಮಾತನ್ನು ಕೇಳಲು ವರದಿಗಾರನಿಗೆ ದಾರಿಯೇ ಇಲ್ಲ. ತಾನು ದೈಹಿಕವಾಗಿ ಮಾನಸಿಕವಾಗಿ ಹಿಂಸೆಗೆ ಗುರಿಯಾದೆನೆಂದು ನಂಬಿ ನಾರಾಯಣನ್ ಹೊರಬಂದ ಮೇಲೆ ಹೇಳಿದರು. ಒಳಗಿದ್ದಾಗ ಅವರ ಹೆಸರಿನಲ್ಲಿ ಅಚ್ಚಾದದ್ದು ‘ಎಲ್ಲವನ್ನೂ ಒಪ್ಪಿಕೊಂಡರು’ ಎಂಬುದು.

ಡಿಸೆಂಬರ್ ಮೊದಲ ವಾರದಲ್ಲಿ ತನಿಖೆ ಸಿಬಿಐಗೆ ಹೋಯಿತು. ನಂಬಿ ನಾರಾಯಣನ್ 50 ದಿನ ಸೆರೆಯಲ್ಲಿದ್ದರು. ಆ ಮಹಿಳೆಯರು ಅದಕ್ಕಿಂತ ಬಹಳ ಹೆಚ್ಚು ಕಾಲ ಇದ್ದರು. 1996ರ ಏಪ್ರಿಲಿನಲ್ಲಿ ಸಿಬಿಐ ಎರ್ನಾಕುಲಂ ಮುಖ್ಯ ನ್ಯಾಯಿಕ ಮ್ಯಾಜಿಸ್ಟ್ರೇಟರ ಮುಂದೆ ವರದಿ ಸಲ್ಲಿಸಿ, ಬೇಹುಗಾರಿಕೆಯ ಆರೋಪ ರುಜುವಾತಾಗಿಲ್ಲ, ಸುಳ್ಳೆಂದು ಕಂಡುಬಂದಿದೆ ಎಂದಿತು. ತನಿಖೆ ನಡೆಸಿದ ಅಧಿಕಾರಿಗಳ ಲೋಪಗಳನ್ನು ಬೇರೆಯಾಗಿ ಸರ್ಕಾರಕ್ಕೆ ತಿಳಿಸಿತು. ಮೇ 2ರಂದು ಮ್ಯಾಜಿಸ್ಟ್ರೇಟರು ವರದಿಯನ್ನು ಅಂಗೀಕರಿಸಿ ಎಲ್ಲರನ್ನೂ ಬಿಡುಗಡೆ ಮಾಡಿದರು.

ಇಲ್ಲಿಗೆ ಕಥೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಅದೇ ಜೂನಿನಲ್ಲಿ ಕೇರಳ ಸರ್ಕಾರ, ಸಿಬಿಐಗೆ ಕೊಟ್ಟಿದ್ದ ಒಪ್ಪಿಗೆಯನ್ನು ಹಿಂತೆಗೆದುಕೊಂಡು ತನ್ನ ಪೊಲೀಸರಿಂದಲೇ ಮರುತನಿಖೆ ನಡೆಸಲು ಹೊರಟಿತು. ಏಕೆ? ಎರಡು ವರ್ಷ ಪತ್ರಿಕೆಗಳು ಹದಗೊಳಿಸಿದ ನೆಲದಲ್ಲಿ, ‘ಬೆಂಕಿಯಿಲ್ಲದೆ ಹೊಗೆಯಾಡೀತೇ’ ಎಂಬ ಬೆಳೆ ಹುಲುಸಾಗಿ ಬೆಳೆದಿತ್ತು. ಆರೋಪ ಸುಳ್ಳೆಂದು ಒಪ್ಪಿಕೊಳ್ಳುವ ಧೈರ್ಯ ಯಾವ ಪಕ್ಷಕ್ಕೂ ಇರಲಿಲ್ಲ. ಮುಖ್ಯಮಂತ್ರಿ ಕೆ. ಕರುಣಾಕರನ್ 1995ರ ಮಾರ್ಚಿನಲ್ಲಿ ಕುರ್ಚಿ ಬಿಡುವಂತೆ ಮಾಡಿದ ಗಾಳಿಯಲ್ಲಿ ಈ ಪ್ರಕರಣದ ಧೂಳೂ ಇತ್ತು. ಬಿಡುಗಡೆಯಾದವರು ಮತ್ತೆ ನ್ಯಾಯಾಲಯದ ಮೆಟ್ಟಿಲೇರಬೇಕಾಯಿತು. 1998ರ ಏಪ್ರಿಲ್ 29ರಂದು ಸುಪ್ರೀಂ ಕೋರ್ಟು ಮರುತನಿಖೆಯ ಆದೇಶವನ್ನು ರದ್ದುಗೊಳಿಸಿತು. ಪೊಲೀಸ್ ವಶದಲ್ಲಿದ್ದ ಕೆಲವೇ ದಿನಗಳಲ್ಲಿ ಬರೆದ ತೀರ್ಪನ್ನು ಅಳಿಸಲು ಮೂರೂವರೆ ವರ್ಷ ಬೇಕಾಯಿತೆಂದು ಲೆಕ್ಕ ಹಾಕಬೇಡಿ. ಪರಿಹಾರದ ಹೋರಾಟದಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಬಂದದ್ದು 2018ರ ಸೆಪ್ಟೆಂಬರ್ 14ರಂದು. ಆ ಬಂಧನ ಅನಗತ್ಯವಾಗಿತ್ತೆಂದ ಸುಪ್ರೀಂ ಕೋರ್ಟು ನಂಬಿ ನಾರಾಯಣನ್ ಅವರಿಗೆ 50 ಲಕ್ಷ ರೂಪಾಯಿ ಕೊಡಿಸಿತು. ಕೊಟ್ಟವರು ಯಾರು? ಕೇರಳ ಸರ್ಕಾರ, ಎಂದರೆ ತೆರಿಗೆ ಕಟ್ಟುವ ನಾನು ಮತ್ತು ನೀವು. ಧಾರಾವಾಹಿಯನ್ನು ಮಾರಿ ಪ್ರಸಾರ ಹೆಚ್ಚಿಸಿಕೊಂಡವರ ಪಾಲಿಗೆ ಅದರಲ್ಲಿ ಒಂದು ಬಿಡಿಗಾಸೂ ಬರಲಿಲ್ಲ.

ಮಾಧ್ಯಮದ ಪರ ವಾದಿಸುವವರು ಹೇಳುವ ಮಾತುಗಳನ್ನು ನಾನು ಬಲ್ಲೆ. ನಮ್ಮ ದೇಶದಲ್ಲಿ ಜ್ಯೂರಿ ಪದ್ಧತಿಯಿಲ್ಲ, ತೀರ್ಪು ಕೊಡುವವರು ತರಬೇತಿ ಹೊಂದಿದ ನ್ಯಾಯಾಧೀಶರು, ಅವರು ಪತ್ರಿಕೆ ಓದಿ ತೀರ್ಪು ಬರೆಯುವುದಿಲ್ಲ, ಆದ್ದರಿಂದ ಹಾನಿಯೇನು? ಈ ವಾದ ಕೇಳಲು ಚೆನ್ನ. ಆದರೆ ಇಸ್ರೋ ಪ್ರಕರಣದಲ್ಲಿ ಆರೋಪದ ಮೇಲೆ ವಿಚಾರಣೆ ನಡೆಯಲೇ ಇಲ್ಲ. ಸಾಕ್ಷಿಯ ಕಟಕಟೆಗೆ ಯಾರೂ ಏರಲಿಲ್ಲ, ತೀರ್ಪು ಬರೆಯುವ ಹಂತವೇ ಬರಲಿಲ್ಲ. ಹಾನಿಯೆಲ್ಲ ಅದಕ್ಕೆ ಮೊದಲೇ ಆಗಿತ್ತು. ಬಂಧಿತನನ್ನು 24 ಗಂಟೆಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸುತ್ತಾರೆ. ಪೊಲೀಸ್ ವಶಕ್ಕೆ ಕೊಡಬೇಕೇ, ಜಾಮೀನು ಕೊಡಬೇಕೇ ಎಂಬ ನಿರ್ಧಾರ ಆಗುವುದು ಆಗ. ನ್ಯಾಯಾಲಯದ ಅಂಗಳದಲ್ಲಿ ‘ದೇಶದ್ರೋಹಿ’ ಎಂದು ಕೂಗುವ ಗುಂಪು ನಿಂತಿರುವಾಗ, ಆ ಬೆಳಗಿನ ಪತ್ರಿಕೆಯ ಎಂಟು ಕಾಲಂ ಶೀರ್ಷಿಕೆ ಮೇಜಿನ ಮೇಲಿರುವಾಗ, ಕಿರಿಯ ಮ್ಯಾಜಿಸ್ಟ್ರೇಟರೊಬ್ಬರು ಜಾಮೀನು ಕೊಡುವುದಕ್ಕೆ ಎಷ್ಟು ಗಟ್ಟಿಯಾದ ಎದೆ ಬೇಕೆಂಬುದನ್ನು ನಾನು ಕಟಕಟೆಯ ಈಚೆಯಿಂದ ಹಲವು ಸಲ ಕಂಡಿದ್ದೇನೆ. ಇಂಥ ಆರೋಪಿಯ ವಕಾಲತ್ತು ಹಿಡಿಯಬಾರದೆಂದು ವಕೀಲರ ಸಂಘಗಳೇ ನಿರ್ಣಯ ಮಾಡುವ ಲಜ್ಜೆಗೇಡಿತನವನ್ನೂ ನಾವು ಕಂಡಿದ್ದೇವೆ.

ಇನ್ನು ಸಾಕ್ಷಿಗಳ ಮಾತು. ಇದು ಸ್ವಲ್ಪ ವಿವರಕ್ಕೆ ಅರ್ಹ, ಏಕೆಂದರೆ ಮಾಧ್ಯಮದ ಅತ್ಯುತ್ಸಾಹ ನಿರಪರಾಧಿಯನ್ನು ಸುಡುವುದು ಮಾತ್ರವಲ್ಲ, ಅಪರಾಧಿಯನ್ನು ಪಾರುಮಾಡುತ್ತದೆ ಎಂಬುದನ್ನು ಜನ ಅರಿಯರು. ರಾತ್ರಿ ಮನೆಗೆ ನುಗ್ಗಿದ ದರೋಡೆಕೋರನನ್ನು ಮನೆಯಾಕೆ ಅರೆಬೆಳಕಿನಲ್ಲಿ ಕಂಡಿದ್ದಾಳೆ ಎನ್ನೋಣ. ಮೊದಲ ಪರಿಚಯವಿಲ್ಲ. ಶಂಕಿತನು ಸಿಕ್ಕಾಗ ಪೊಲೀಸರು ಅವನ ಮುಖ ಮುಚ್ಚಿ ತರಬೇಕು. ಆಮೇಲೆ ಸೆರೆಮನೆಯಲ್ಲಿ, ಮ್ಯಾಜಿಸ್ಟ್ರೇಟರ ಸಮ್ಮುಖದಲ್ಲಿ, ಅವನದೇ ವಯಸ್ಸು ಮೈಕಟ್ಟಿನ ಹಲವರ ಸಾಲಿನಲ್ಲಿ ಅವನನ್ನು ನಿಲ್ಲಿಸಿ, ಆಕೆಯನ್ನು ಕರೆದು ಗುರುತಿಸಲು ಹೇಳುತ್ತಾರೆ. ಇದಕ್ಕೆ ಗುರುತು ಪತ್ತೆ ಪರೇಡ್ ಎನ್ನುತ್ತೇವೆ. ಆಕೆ ಅವನನ್ನೇ ತೋರಿಸಿದರೆ ಅದಕ್ಕೆ ಬೆಲೆಯಿದೆ. ಆದರೆ ಹಿಂದಿನ ಸಂಜೆಯೇ ದೂರದರ್ಶನದ ವಾಹಿನಿಗಳು ಅವನ ಮುಖವನ್ನು ಕೆಂಪು ವೃತ್ತದೊಳಗೆ ಗಂಟೆಗೆ ನಲವತ್ತು ಸಲ ತೋರಿಸಿದ್ದರೆ? ಆಕೆ ಗುರುತಿಸುವುದು ಆ ರಾತ್ರಿ ಕಂಡ ಮುಖವನ್ನೋ, ಪರದೆಯ ಮೇಲೆ ಕಂಡ ಮುಖವನ್ನೋ? ಪ್ರತಿವಾದಿ ವಕೀಲನಾಗಿ ನಾನು ಕೇಳಬೇಕಾದ ಪ್ರಶ್ನೆ ಒಂದೇ: “ಇವರ ಫೋಟೋವನ್ನು ಮೊದಲೇ ನೋಡಿದ್ದಿರಾ ಅಮ್ಮಾ?” ಆಕೆ ಸತ್ಯವಂತೆ, ಹೌದೆನ್ನುತ್ತಾಳೆ. ಪರೇಡಿನ ಸಾಕ್ಷ್ಯ ಅಲ್ಲಿಗೆ ಕುಸಿಯಿತು. ಬೇರೆ ಪುರಾವೆ ಇಲ್ಲದಿದ್ದರೆ ಅವನು ನಿಜವಾದ ಕಳ್ಳನೇ ಆಗಿದ್ದರೂ ಹೊರಗೆ ನಡೆಯುತ್ತಾನೆ. ಮರುದಿನ ಅದೇ ವಾಹಿನಿ, ನ್ಯಾಯಾಂಗಕ್ಕೆ ಏನಾಗಿದೆ ಎಂದು ಚರ್ಚೆ ಏರ್ಪಡಿಸುತ್ತದೆ.

ಇದಕ್ಕೆ ಕಾನೂನಿನ ತಡೆಯಿಲ್ಲವೇ ಎಂದರೆ, ಇದೆ, ಆದರೆ ತಡವಾಗಿ ಏಳುತ್ತದೆ. ವಿಚಾರಣೆಯ ಮೇಲೆ ಪರಿಣಾಮ ಬೀರುವ ಬರಹ ನ್ಯಾಯಾಂಗ ನಿಂದನೆ. ಆದರೆ 1971ರ ನ್ಯಾಯಾಂಗ ನಿಂದನೆ ಕಾಯಿದೆಯ 3ನೆಯ ವಿಧಿ, ಪ್ರಕರಣ ನ್ಯಾಯಾಲಯದ ಮುಂದೆ ‘ಬಾಕಿ’ ಇರದಿದ್ದ ಕಾಲದಲ್ಲಿ ಪ್ರಕಟಿಸಿದ್ದಕ್ಕೆ ರಕ್ಷಣೆ ಕೊಡುತ್ತದೆ. ಕ್ರಿಮಿನಲ್ ಪ್ರಕರಣ ಬಾಕಿಯೆನಿಸುವುದು ಯಾವಾಗಿನಿಂದ? ದೋಷಾರೋಪ ಪಟ್ಟಿ ಸಲ್ಲಿಕೆಯಾದಾಗಿನಿಂದ, ಅಥವಾ ನ್ಯಾಯಾಲಯ ಸಮನ್ಸ್ ಇಲ್ಲವೇ ವಾರಂಟ್ ಹೊರಡಿಸಿದಾಗಿನಿಂದ. ಪೊಲೀಸರು ಹಿಡಿದಂದಿನಿಂದ ದೋಷಾರೋಪ ಪಟ್ಟಿಯವರೆಗೆ ಎರಡು ಮೂರು ತಿಂಗಳು ಸುಲಭವಾಗಿ ಕಳೆಯುತ್ತವೆ. ಮಾಧ್ಯಮದ ಹಬ್ಬ ನಡೆಯುವುದೇ ಆ ತಿಂಗಳುಗಳಲ್ಲಿ. ಪೈರು ಮೇದಾದ ಮೇಲೆ ಹಾಕುವ ಬೇಲಿ ಇದು. ಇಸ್ರೋ ಪ್ರಕರಣದಲ್ಲಿಯಂತೂ ಬೇಹುಗಾರಿಕೆಯ ದೋಷಾರೋಪ ಪಟ್ಟಿ ಬರಲೇ ಇಲ್ಲ, ಬೇಲಿಯೂ ಏಳಲಿಲ್ಲ.

ಈ ಕಾಯಿದೆ ಬರುವುದಕ್ಕೆ ಮೊದಲು ಸ್ಥಿತಿ ಹೀಗಿರಲಿಲ್ಲ ಎಂಬುದು ನಮ್ಮ ಊರಿನವರಿಗೆ ವಿಶೇಷವಾಗಿ ಗೊತ್ತಿರಬೇಕು. ಏಕೆಂದರೆ ಆ ತೀರ್ಪಿನ ಕಕ್ಷಿದಾರರು ಅಂದು ಕಾಸರಗೋಡಿನ ಲೋಕಸಭಾ ಸದಸ್ಯರಾಗಿದ್ದ ಎ.ಕೆ. ಗೋಪಾಲನ್. 1967ರಲ್ಲಿ ಒಂದು ಕೊಲೆಯ ಬಗ್ಗೆ ಅವರು ಕೊಟ್ಟ ಹೇಳಿಕೆಯಿಂದ ನ್ಯಾಯಾಂಗ ನಿಂದನೆಯ ಪ್ರಕರಣ ಹುಟ್ಟಿತು. 1969ರಲ್ಲಿ ಸುಪ್ರೀಂ ಕೋರ್ಟು ಗೆರೆಯೆಳೆದದ್ದು ಬಂಧನದ ಹತ್ತಿರ. ಬಂಧನಕ್ಕೆ ಮುನ್ನ ಆಡಿದ ಮಾತಿಗೆ ಗೋಪಾಲನ್ ಅವರನ್ನು ದಂಡಿಸಲಾಗದು. ಆದರೆ ವ್ಯಕ್ತಿಯೊಬ್ಬ ಬಂಧಿತನಾದ ಮೇಲೆ ನ್ಯಾಯಾಲಯದ ಪ್ರಕ್ರಿಯೆ ಕಣ್ಣೆದುರಿಗೆ ಬಂದಂತೆ, ಆಗ ಎಚ್ಚರಿಕೆ ಬೇಕು. ಸಮಂಜಸವಾದ ಗೆರೆಯದು. ಪತ್ರಿಕೆ ಹಗರಣಗಳನ್ನು ಅಗೆದು ತೆಗೆಯಲಿ, ಪೊಲೀಸರು ಮಲಗಿದ್ದರೆ ಎಬ್ಬಿಸಲಿ, ಬಂಧನವಾಗುವವರೆಗೆ ಗದ್ದಲ ಮಾಡಲಿ. ಮನುಷ್ಯನೊಬ್ಬ ಸರ್ಕಾರದ ಮುಷ್ಟಿಯೊಳಗೆ ಸೇರಿದ ಮೇಲೆ ಅವನಿಗೆ ತಿರುಗಿ ಮಾತಾಡುವ ಬಾಯಿಲ್ಲ. ಅಲ್ಲಿಂದ ನಿಯಮ ಬದಲಾಗಬೇಕು. 1971ರ ಕಾಯಿದೆ ಈ ಗೆರೆಯನ್ನು ಮುಂದಕ್ಕೆ ತಳ್ಳಿತು. 2006ರಲ್ಲಿ ಕಾನೂನು ಆಯೋಗ ತನ್ನ 200ನೆಯ ವರದಿಯಲ್ಲಿ ಗೆರೆಯನ್ನು ಮರಳಿ ಬಂಧನದ ಬಳಿಗೆ ತನ್ನಿ ಎಂದು ಶಿಫಾರಸು ಮಾಡಿತು. ಸಂಸತ್ತು ಅದನ್ನು ಕೈಗೆತ್ತಿಕೊಳ್ಳಲಿಲ್ಲ. ಪತ್ರಿಕಾ ಮಂಡಳಿ ಎಚ್ಚರಿಸಬಲ್ಲದು, ಖಂಡಿಸಬಲ್ಲದು, ಅದಕ್ಕಿಂತ ಹೆಚ್ಚಲ್ಲ; ದೂರದರ್ಶನದ ವಾಹಿನಿಗಳು ಅದರ ವ್ಯಾಪ್ತಿಯಲ್ಲಿಯೇ ಇಲ್ಲ. 2021ರ ಜನವರಿಯಲ್ಲಿ ಬಾಂಬೆ ಹೈಕೋರ್ಟು, ನಟರೊಬ್ಬರ ಸಾವಿನ ಸುತ್ತ ವಾಹಿನಿಗಳು ನಡೆಸಿದ ಅಬ್ಬರವನ್ನು ಪರಿಶೀಲಿಸಿ, ಮಾಧ್ಯಮದ ವಿಚಾರಣೆ ನ್ಯಾಯದಾನದಲ್ಲಿ ಹಸ್ತಕ್ಷೇಪವೆಂದು ಸ್ಪಷ್ಟವಾಗಿ ಹೇಳಿತು. 2023ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು, ಪೊಲೀಸರು ಪತ್ರಕರ್ತರಿಗೆ ಏನನ್ನು ಹೇಳಬಹುದು, ಏನನ್ನು ಹೇಳಬಾರದೆಂಬ ಕೈಪಿಡಿಯನ್ನು ಸಿದ್ಧಪಡಿಸುವಂತೆ ಗೃಹ ಸಚಿವಾಲಯಕ್ಕೆ ಆದೇಶಿಸಿತು. ಮೂಲವನ್ನು ಹಿಡಿದದ್ದು ಈ ಎರಡನೆಯ ಆದೇಶ. ಪೊಲೀಸ್ ಕೊಠಡಿಯ ನಲ್ಲಿ ತೆರೆದೇ ಇದ್ದರೆ, ಕೆಳಗೆ ಕೊಡ ಹಿಡಿದವರನ್ನು ಬೈದು ಪ್ರಯೋಜನವಿಲ್ಲ.

ಪತ್ರಿಕೆಯೇ ಬೇಡವೆನ್ನುವ ಮಾತಲ್ಲ ಇದು. ದೆಹಲಿಯ ಜೆಸ್ಸಿಕಾ ಲಾಲ್ ಕೊಲೆ ಪ್ರಕರಣದಲ್ಲಿ ಆರೋಪಿಗಳು ಖುಲಾಸೆಯಾದಾಗ ಪತ್ರಿಕೆಗಳು ಎತ್ತಿದ ಧ್ವನಿ ಸರಿಯಾದುದಾಗಿತ್ತು, 2006ರ ಡಿಸೆಂಬರಿನಲ್ಲಿ ಹೈಕೋರ್ಟು ಆ ತೀರ್ಪನ್ನು ಬದಲಿಸಿತು. ವ್ಯತ್ಯಾಸವಿರುವುದು ಇಲ್ಲಿ: ಅಲ್ಲಿ ಟೀಕೆಗೊಳಗಾದದ್ದು ತೆರೆದ ನ್ಯಾಯಾಲಯದಲ್ಲಿ ದಾಖಲಾದ ಸಾಕ್ಷ್ಯ ಮತ್ತು ಬರೆದ ತೀರ್ಪು. ಅದನ್ನು ಯಾರು ಬೇಕಾದರೂ ಓದಿ ನೋಡಬಹುದಿತ್ತು. ಇಸ್ರೋ ಪ್ರಕರಣದಲ್ಲಿಯೂ ಆರಂಭದಿಂದ ಸಂಶಯಪಟ್ಟು ಬರೆದ ಕೆಲವರಿದ್ದರು. ಅವರನ್ನು ಓದುವ ತಾಳ್ಮೆ ನಮಗಿರಲಿಲ್ಲ. ಪತ್ರಿಕೆಗಳು ಮಾರಿದ್ದನ್ನು ಕೊಂಡವರು ನಾವೇ.

ಇವತ್ತು ನಮ್ಮ ಮನೆಮನೆಯ ಮೊಬೈಲಿನಲ್ಲಿ ಒಂದೊಂದು ಪತ್ರಿಕಾಲಯವಿದೆ. ಸಂಘದ ವಾಟ್ಸಾಪ್ ಗುಂಪಿನಲ್ಲಿ ಕಳೆದ ವರ್ಷ ಒಬ್ಬ ಶಂಕಿತನ ಭಾವಚಿತ್ರ ‘ಈ ನೀಚನನ್ನು ಎಲ್ಲರಿಗೂ ತಲುಪಿಸಿ’ ಎಂಬ ಒಕ್ಕಣೆಯೊಡನೆ ಬಂತು. ನಾನು ‘ಯಾರು ಹೇಳಿದ್ದು?’ ಎಂದು ಬರೆದೆ. ಉತ್ತರ ಬರಲಿಲ್ಲ, ನನ್ನ ಮೇಲೆ ಮುನಿಸು ಬಂತು. ಕನ್ನಡ ಪತ್ರಿಕೆಗಳ ಸಂಪಾದಕರಲ್ಲಿಯೂ ಈ ಸಂಚಿಕೆಯ ಮೂಲಕ ನನ್ನ ಬೇಡಿಕೆ ಎರಡೇ. ‘ಎನ್ನಲಾಗಿದೆ’ಯನ್ನು ಕೈಬಿಟ್ಟು, ‘ಇಂಥ ಠಾಣೆಯ ಇನ್‌ಸ್ಪೆಕ್ಟರರು ಹೇಳಿದರು; ಆರೋಪಿಯ ಮಾತನ್ನು ಕೇಳಲು ನಮಗೆ ಅವಕಾಶ ಸಿಗಲಿಲ್ಲ’ ಎಂದು ಬರೆಯಿರಿ. ತೀರ್ಪು ಬರುವವರೆಗೆ ಬಹುವಚನವನ್ನು ಕಸಿಯಬೇಡಿ. ಇದಕ್ಕೆ ಯಾವ ಕಾಯಿದೆಯ ತಿದ್ದುಪಡಿಯೂ ಬೇಕಿಲ್ಲ.

ಈ ನಿಯಮ ನನಗೂ ಕಹಿಯಾದೀತು. 2021ರಲ್ಲಿ ಸುಪ್ರೀಂ ಕೋರ್ಟಿನ ಆದೇಶದಂತೆ ಸಿಬಿಐ ಈ ಪಿತೂರಿಯ ತನಿಖೆಗೆ ತೊಡಗಿ, 2024ರಲ್ಲಿ ಐವರು ಮಾಜಿ ಅಧಿಕಾರಿಗಳ ಮೇಲೆ ದೋಷಾರೋಪ ಪಟ್ಟಿ ಸಲ್ಲಿಸಿತು. ಅವರ ಬಗ್ಗೆ ನನ್ನೊಳಗೆ ಕೋಪವಿಲ್ಲವೆಂದರೆ ಸುಳ್ಳಾದೀತು. ಆದರೆ ಅವರೂ ಈಗ ಆರೋಪಿಗಳು. ರುಜುವಾತಾಗುವವರೆಗೆ ಅವರೂ ನಿರಪರಾಧಿಗಳೇ, ಅವರೂ ‘ಅವರು’. ಆದ್ದರಿಂದ ಅವರ ಹೆಸರನ್ನೂ ಇಲ್ಲಿ ಬರೆದಿಲ್ಲ. ನಂಬಿ ನಾರಾಯಣನ್ ಅವರಿಗೆ ನಿರಾಕರಿಸಿದ್ದನ್ನು ಅವರಿಗೆ ಕೊಡಲಾರೆವಾದರೆ, ನಮಗೆ ಬೇಕಾಗಿದ್ದುದು ನ್ಯಾಯವಲ್ಲ, ಬೇರೆ ಆರೋಪಿ.

ಬೆಂಗಳೂರಿನ ಚಂದ್ರಶೇಖರ್ ಅವರ ಮಾತು ಉಳಿಯಿತು. ಮರುತನಿಖೆಯನ್ನು ರದ್ದುಮಾಡಿದ 1998ರ ತೀರ್ಪು ಕಾನೂನು ಪುಸ್ತಕಗಳಲ್ಲಿ ದಾಖಲಾಗಿರುವುದು ಅವರ ಹೆಸರಿನಲ್ಲಿಯೇ. ಆದರೆ ಪತ್ರಿಕೆಗಳು ಅವರನ್ನು ಬಹುಮಟ್ಟಿಗೆ ಮರೆತಿದ್ದವು. 2018ರ ಸೆಪ್ಟೆಂಬರ್ 14ರಂದು, ಶುಕ್ರವಾರ, ದೆಹಲಿಯಲ್ಲಿ ಅಂತಿಮ ತೀರ್ಪು ಓದುವುದಕ್ಕೆ ಕೆಲವು ಗಂಟೆ ಮೊದಲು ಅವರು ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಪ್ರಜ್ಞೆ ಕಳೆದುಕೊಂಡರು. ಆ ದಿನದ ವಾರ್ತೆಯನ್ನು ಅವರಿಗೆ ತಿಳಿಸಲು ಮನೆಯವರಿಗೆ ಆಗಲಿಲ್ಲ. ಭಾನುವಾರ ಅವರು ತೀರಿಕೊಂಡರು.